ಬಿಳಿ ರಕ್ತಕಣ ಕಡಿಮೆ ಎಂಬ ವರದಿ: ನ್ಯೂಟ್ರೋಫಿಲ್ ಎಣಿಕೆಯನ್ನು ಓದುವ ಬಗೆ

ಕಚೇರಿಯ ವಾರ್ಷಿಕ ಆರೋಗ್ಯ ತಪಾಸಣೆಯ ವರದಿ ಕೈಗೆ ಬಂದಾಗ ಸಕ್ಕರೆ, ಕೊಲೆಸ್ಟ್ರಾಲ್‌ಗಳತ್ತ ಕಣ್ಣು ಹಾಯಿಸುವುದು ನಮ್ಮೆಲ್ಲರ ಅಭ್ಯಾಸ. ಕೆಲವರ ವರದಿಯಲ್ಲಿ ಅವೆರಡೂ ಸರಿಯಾಗಿದ್ದು, ಒಟ್ಟು ಬಿಳಿ ರಕ್ತಕಣಗಳ ಸಾಲಿನ ಮುಂದೆ 'ಕಡಿಮೆ' ಎಂಬ ಗುರುತು ಬಿದ್ದಿರುತ್ತದೆ. ಅದರ ಕೆಳಗೆ ನ್ಯೂಟ್ರೋಫಿಲ್ ಕೂಡ ಕಡಿಮೆ ಎಂದಿರುತ್ತದೆ. ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿದ್ದವರು ಆ ದಿನದಿಂದ ರಕ್ತದ ಕ್ಯಾನ್ಸರ್ ಎಂಬ ಶಬ್ದವನ್ನೇ ಮನಸ್ಸಿನಲ್ಲಿ ಹೊತ್ತು ತಿರುಗುತ್ತಾರೆ. ಇಂಥ ವರದಿಗಳಲ್ಲಿ ಬಹುಪಾಲು ನಿರಪಾಯಕರ. ಕೆಲವು ಹಾಗಲ್ಲ. ಇವೆರಡರ ನಡುವಿನ ಗೆರೆಯನ್ನು ವೈದ್ಯರು ಹೇಗೆ ಎಳೆಯುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಸಾಮಾನ್ಯ ಓದುಗರಿಗೂ ಅಸಾಧ್ಯವೇನಲ್ಲ.

ಬಿಳಿ ರಕ್ತಕಣಗಳಲ್ಲಿ ಐದು ಬಗೆಗಳಿವೆ. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳದೇ ದೊಡ್ಡ ಪಾಲು. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ವಿರುದ್ಧ ಮೊದಲು ಧಾವಿಸುವ ಕಣಗಳು ಇವೇ. ಎರಡನೆಯ ದೊಡ್ಡ ಪಾಲು ಲಿಂಫೋಸೈಟ್‌ಗಳದು. ವರದಿಯಲ್ಲಿ ಇವುಗಳನ್ನು ಸಾಮಾನ್ಯವಾಗಿ ಶೇಕಡಾವಾರು ಮುದ್ರಿಸಿರುತ್ತಾರೆ. ತಪ್ಪು ಗ್ರಹಿಕೆ ಹುಟ್ಟುವುದು ಇಲ್ಲಿಯೇ. ಬಡ್ಡಿಯ ದರವನ್ನಷ್ಟೇ ನೋಡಿ ಅಸಲನ್ನು ನೋಡದವನಿಗೆ ಲೆಕ್ಕ ಸಿಗದಿರುವಂತೆ, ಬರೀ ಶೇಕಡಾವಾರು ನೋಡಿದರೆ ನ್ಯೂಟ್ರೋಫಿಲ್‌ಗಳ ನಿಜಸ್ಥಿತಿ ತಿಳಿಯದು. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಬರುವ ಉತ್ತರವೇ ನ್ಯೂಟ್ರೋಫಿಲ್‌ಗಳ ನಿರಪೇಕ್ಷ ಸಂಖ್ಯೆ. ವೈದ್ಯರು ನೋಡುವುದು ಇದನ್ನು.

ಉದಾಹರಣೆಗೆ, ಒಟ್ಟು ಸಂಖ್ಯೆ 7,000 ಇದ್ದು ನ್ಯೂಟ್ರೋಫಿಲ್ ಶೇ. 38 ಎಂದಿದ್ದರೆ ಯಂತ್ರ 'ಕಡಿಮೆ' ಎಂದು ಗುರುತು ಹಾಕುತ್ತದೆ. ಆದರೆ ನಿರಪೇಕ್ಷ ಸಂಖ್ಯೆ 2,660, ಅದು ಸಹಜವೇ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಲಿಂಫೋಸೈಟ್‌ಗಳು ಹೆಚ್ಚಿದ್ದು ನ್ಯೂಟ್ರೋಫಿಲ್ ಶೇಕಡಾ ಕಡಿಮೆಯಿರುವುದು ವಯೋಸಹಜ. ದೊಡ್ಡವರ ಮಾಪಕವನ್ನು ಮೊಮ್ಮಗುವಿನ ವರದಿಗೆ ಹಚ್ಚಿ ಗಾಬರಿಗೊಳ್ಳುವ ಅಜ್ಜ-ಅಜ್ಜಿಯರು ನಮ್ಮಲ್ಲಿ ಕಡಿಮೆಯಿಲ್ಲ.

ವಯಸ್ಕರಲ್ಲಿ ನಿರಪೇಕ್ಷ ಸಂಖ್ಯೆ ಒಂದು ಘನ ಮಿಲಿಮೀಟರ್ ರಕ್ತಕ್ಕೆ 1,500ಕ್ಕಿಂತ ಕೆಳಗಿಳಿದರೆ ಅದನ್ನು ನ್ಯೂಟ್ರೋಪೀನಿಯಾ ಎನ್ನುತ್ತಾರೆ. 1,000ದಿಂದ 1,500ರ ನಡುವಿನದು ಸೌಮ್ಯ, 500ರಿಂದ 1,000ದ ನಡುವಿನದು ಮಧ್ಯಮ, 500ಕ್ಕಿಂತ ಕೆಳಗಿನದು ತೀವ್ರ. ಸೋಂಕಿನ ನಿಜವಾದ ಭಯ ಮುಖ್ಯವಾಗಿ ಈ ಕೊನೆಯ ಮೆಟ್ಟಿಲಿಗೆ ಸೇರಿದ್ದು. 1,200 ನ್ಯೂಟ್ರೋಫಿಲ್‌ಗಳಿರುವ, ಬೇರೆಲ್ಲ ರೀತಿಯಲ್ಲಿ ಆರೋಗ್ಯವಂತನಾದ ಮನುಷ್ಯ ಸೋಂಕುಗಳನ್ನು ಇತರರಂತೆಯೇ ಎದುರಿಸಬಲ್ಲ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಪ್ರಯೋಗಾಲಯದ 'ಸಹಜ' ಮಿತಿಯನ್ನು ನೂರು ಜನ ಆರೋಗ್ಯವಂತರಲ್ಲಿ ತೊಂಬತ್ತೈದು ಜನ ಒಳಗೆ ಬರುವಂತೆ ನಿಗದಿಪಡಿಸಿರುತ್ತಾರೆ. ಅಂದರೆ ಯಾವ ರೋಗವೂ ಇಲ್ಲದ ಎರಡು ಮೂರು ಮಂದಿ ಆ ಗೆರೆಯ ಕೆಳಗೆ ಉಳಿಯುವುದು ಲೆಕ್ಕದ ಸ್ವಭಾವದಲ್ಲೇ ಇದೆ.

ನಮ್ಮ ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರ ಪ್ರಸಂಗವನ್ನು ಅವರ ಒಪ್ಪಿಗೆಯಿಂದ ಇಲ್ಲಿ ಹೇಳುತ್ತೇನೆ. ಅವರಿಗೆ ಐವತ್ನಾಲ್ಕು ವರ್ಷ. ರಕ್ತದೊತ್ತಡಕ್ಕೆ ಒಂದು ಮಾತ್ರೆಯ ಹೊರತು ಬೇರೆ ಔಷಧಿಯಿಲ್ಲ. ತಪಾಸಣೆಯಲ್ಲಿ ಒಟ್ಟು ಬಿಳಿ ರಕ್ತಕಣ 3,200, ನ್ಯೂಟ್ರೋಫಿಲ್ ಶೇ. 40 ಎಂದು ಬಂತು. ಗುಣಿಸಿದರೆ 1,280. ಹಿಮೋಗ್ಲೋಬಿನ್ 12.4, ಪ್ಲೇಟ್‌ಲೆಟ್ 2.3 ಲಕ್ಷ, ಎರಡೂ ಸಹಜ. ವೈದ್ಯರು ಮೊದಲು ಗಮನಿಸಿದ್ದು ಈ ಎರಡು ಸಂಖ್ಯೆಗಳನ್ನೇ. ಮೂಳೆಯೊಳಗಿನ ಮಜ್ಜೆ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರನ್ನೂ ತಯಾರಿಸುವ ಕಾರ್ಖಾನೆ. ಕಾರ್ಖಾನೆಯೇ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸರಕು ಕುಸಿಯುತ್ತದೆ. ನ್ಯೂಟ್ರೋಫಿಲ್ ಒಂದೇ ಸ್ವಲ್ಪ ಕಡಿಮೆಯಿದ್ದು ಉಳಿದೆರಡು ಸರಿಯಾಗಿದ್ದರೆ ಅದು ಸಮಾಧಾನದ ಮೊದಲ ಸೂಚನೆ.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಇತ್ತೀಚೆಗೆ ಜ್ವರ ಬಂದಿತ್ತೇ? ಬಾಯಿಹುಣ್ಣು ಪದೇ ಪದೇ ಆಗುತ್ತದೆಯೇ? ತೂಕ ಇಳಿದಿದೆಯೇ? ಕೀಲುನೋವು, ಚರ್ಮದ ಮೇಲೆ ದದ್ದು ಉಂಟೇ? ಯಾವುದಾದರೂ ಮಾತ್ರೆ, ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದೀರಾ? ಕುತ್ತಿಗೆ, ಕಂಕುಳುಗಳಲ್ಲಿ ಗಂಟುಗಳಿವೆಯೇ, ಗುಲ್ಮ ದೊಡ್ಡದಾಗಿದೆಯೇ ಎಂದು ಕೈಯಿಂದಲೇ ಪರೀಕ್ಷಿಸಿದರು. ಎರಡು ವಾರದ ಹಿಂದೆ ಮೈಕೈನೋವಿನ ಜ್ವರ ಬಂದು ಹೋಗಿತ್ತೆಂಬುದೊಂದೇ ಸಿಕ್ಕ ಸುಳಿವು. ಡೆಂಗಿ, ಫ್ಲೂ, ಕೋವಿಡ್ ಮೊದಲಾದ ವೈರಾಣು ಜ್ವರಗಳಲ್ಲಿ, ವಿಷಮಶೀತ ಜ್ವರದಲ್ಲಿಯೂ, ಬಿಳಿ ರಕ್ತಕಣ ಇಳಿಯುವುದು ವಾಡಿಕೆ. ಜ್ವರ ಹೋದ ಕೆಲವು ವಾರಗಳಲ್ಲಿ ಅದು ತಾನಾಗಿಯೇ ಏರುತ್ತದೆ. ಆದ್ದರಿಂದ ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ, ಜೊತೆಗೆ ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ತಜ್ಞರಿಂದ ನೋಡಿಸುವುದು ಎಂದು ತೀರ್ಮಾನವಾಯಿತು. ಯಂತ್ರ ಎಣಿಸಬಲ್ಲದು, ಕಣದ ಆಕಾರ ವಿಕಾರವಾಗಿದೆಯೇ, ಎಳೆಯ ಕಣಗಳು ರಕ್ತಕ್ಕೆ ಬಂದಿವೆಯೇ ಎಂಬುದಕ್ಕೆ ಮನುಷ್ಯನ ಕಣ್ಣೇ ಬೇಕು.

ಎರಡನೆಯ ಬಾರಿ 3,300ಕ್ಕೆ ಶೇ. 41, ಅಂದರೆ 1,353. ಲೇಪದಲ್ಲಿ ದೋಷವಿಲ್ಲ. ಜ್ವರವೇ ಕಾರಣವಾಗಿದ್ದರೆ ಇಷ್ಟರಲ್ಲಿ ಏರಬೇಕಿತ್ತು, ಏರಲಿಲ್ಲ. ಆಗ ವೈದ್ಯರು ಕೇಳಿದ್ದು ಹಳೆಯ ವರದಿಗಳನ್ನು. ಪುಣ್ಯಕ್ಕೆ ನಮ್ಮವರು ಕಡತ ಇಡುವ ಜಾತಿ. 2016ರಲ್ಲಿ 3,400ಕ್ಕೆ ಶೇ. 42 (1,428), 2019ರಲ್ಲಿ 3,600ಕ್ಕೆ ಶೇ. 39 (1,404). ಯಾರೂ ಗಮನಿಸದಿದ್ದ ಸಾಲುಗಳವು. ಬಿ12, ಥೈರಾಯ್ಡ್, ಯಕೃತ್ತಿನ ಪರೀಕ್ಷೆ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆಗಳು ಸಹಜವಾಗಿ ಬಂದವು. ಇಷ್ಟು ವರ್ಷಗಳಿಂದ ಒಂದೇ ಮಟ್ಟದಲ್ಲಿ ನಿಂತಿರುವ, ಸೋಂಕಿನ ಇತಿಹಾಸವಿಲ್ಲದ ಸೌಮ್ಯ ಕೊರತೆಗೆ ಮಜ್ಜೆ ಚುಚ್ಚುವ ಅಗತ್ಯವಿಲ್ಲವೆಂದು ಹೇಳಿ, ವರ್ಷಕ್ಕೊಮ್ಮೆ ಎಣಿಕೆ ಸಾಕೆಂದು ಬರೆದುಕೊಟ್ಟರು. ಆ ಒಂದು ಸಾಲಿನ ಟಿಪ್ಪಣಿಗೆ ಬೆಲೆಯಿದೆ. ಮುಂದೆ ಶಸ್ತ್ರಚಿಕಿತ್ಸೆಯೇನಾದರೂ ಬೇಕಾದರೆ ಬೇರೊಬ್ಬ ವೈದ್ಯರು ಇದನ್ನೇ ಹೊಸ ರೋಗವೆಂದು ಭಾವಿಸಿ ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.

ಹುಟ್ಟಿನಿಂದಲೇ ನ್ಯೂಟ್ರೋಫಿಲ್ ಕಡಿಮೆಯಿರುವ ಸಮುದಾಯಗಳೂ ಇವೆ. ಆಫ್ರಿಕಾ ಮೂಲದವರಲ್ಲಿ, ಅರಬ್ ನಾಡುಗಳ ಹಲವರಲ್ಲಿ, ಯೆಮೆನ್ ಮೂಲದ ಯಹೂದಿಗಳಲ್ಲಿ ಇದು ಸಾಮಾನ್ಯ. ಅವರ ಕೆಂಪು ರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನ್ ಇರುವುದಿಲ್ಲ. ಅದಿಲ್ಲದಿದ್ದರೆ ವೈವಾಕ್ಸ್ ಮಲೇರಿಯಾದ ಪರೋಪಜೀವಿಗೆ ಕಣದೊಳಗೆ ಹೊಗುವುದು ಕಷ್ಟ. ಆ ಲಾಭಕ್ಕಾಗಿಯೇ ಈ ಗುಣ ತಲೆಮಾರುಗಳಲ್ಲಿ ಉಳಿದು ಬಂದಿರಬೇಕು. ಮಜ್ಜೆ ಸರಿಯಾಗಿಯೇ ಇರುತ್ತದೆ, ಸೋಂಕೂ ಹೆಚ್ಚುವುದಿಲ್ಲ. ರಕ್ತದಲ್ಲಿ ಹರಿದಾಡುವ ನ್ಯೂಟ್ರೋಫಿಲ್‌ಗಳಷ್ಟೇ ಕಡಿಮೆ. ಅಂತರಜಾಲದಲ್ಲಿ ಇದನ್ನು ಓದಿ 'ನಮ್ಮದೂ ಹೀಗೆಯೇ ಇರಬೇಕು' ಎಂದು ತಾವೇ ನಿರ್ಧರಿಸುವುದು ಸರಿಯಲ್ಲ. ಭಾರತೀಯರಲ್ಲಿ ಬಹುತೇಕರಿಗೆ ಡಫಿ ಪ್ರೋಟೀನ್ ಇದ್ದೇ ಇರುತ್ತದೆ. ಉತ್ತರ ಕನ್ನಡದ ಸಿದ್ದಿಗಳಂಥ ಆಫ್ರಿಕಾ ಮೂಲದ ಸಮುದಾಯಗಳ ವಿಷಯದಲ್ಲಿ ಮಾತ್ರ ವೈದ್ಯರು ಈ ಸಾಧ್ಯತೆಯನ್ನು ಮೊದಲೇ ನೆನೆಯಬಹುದು.

ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದ ಕಾರಣ ಬಿ12 ಜೀವಸತ್ವದ ಕೊರತೆ. ಶುದ್ಧ ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ವರ್ಷಗಟ್ಟಲೆ ಆಮ್ಲಶಾಮಕ ಮಾತ್ರೆ ಸೇವಿಸುವವರಲ್ಲಿ ಇದು ಸಾಮಾನ್ಯ. ಮಜ್ಜೆಯಲ್ಲಿ ಕಣಗಳು ವಿಭಜನೆಯಾಗಲು ಬಿ12 ಬೇಕು. ಇಲ್ಲದಿದ್ದರೆ ಮೂರೂ ಬಗೆಯ ಕಣಗಳು ಕುಂದಬಹುದು. ಪುಸ್ತಕದ ಪ್ರಕಾರ ಕೆಂಪುಕಣದ ಗಾತ್ರವನ್ನು ತಿಳಿಸುವ ಎಂ.ಸಿ.ವಿ. ನೂರಕ್ಕಿಂತ ಹೆಚ್ಚಬೇಕು. ಆದರೆ ಜೊತೆಗೆ ಕಬ್ಬಿಣಾಂಶದ ಕೊರತೆಯೂ ಇದ್ದರೆ ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಕುಗ್ಗಿಸಿ ಎಂ.ಸಿ.ವಿ. ಸಹಜವೆಂದೇ ಕಾಣುತ್ತದೆ. ಆಗಲೂ ಲೇಪದಲ್ಲಿ ಐದಾರು ಹಾಲೆಗಳುಳ್ಳ ನ್ಯೂಟ್ರೋಫಿಲ್‌ಗಳು ಗುಟ್ಟು ಬಿಟ್ಟುಕೊಡುತ್ತವೆ. ಬಿ12 ಕೊಟ್ಟರೆ ಕೆಲವೇ ವಾರಗಳಲ್ಲಿ ಸಂಖ್ಯೆ ಚೇತರಿಸುತ್ತದೆ. ಬರೀ ಫೋಲಿಕ್ ಆಮ್ಲದ ಮಾತ್ರೆ ತಂದು ನುಂಗುವುದು ಅಪಾಯಕರ: ರಕ್ತ ಸುಧಾರಿಸಿದಂತೆ ಕಂಡು, ಒಳಗೊಳಗೆ ನರಗಳ ಹಾನಿ ಮುಂದುವರಿಯುತ್ತದೆ.

ಔಷಧಿಗಳ ಪೈಕಿ ಥೈರಾಯ್ಡ್ ಅತಿಸ್ರಾವಕ್ಕೆ ಕೊಡುವ ಕಾರ್ಬಿಮಜೋಲ್ ಅನ್ನು ಪ್ರತ್ಯೇಕವಾಗಿ ಹೇಳಬೇಕು. ಸಾವಿರ ಜನರಲ್ಲಿ ಕೆಲವೇ ಮಂದಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಇದು ನ್ಯೂಟ್ರೋಫಿಲ್‌ಗಳನ್ನು ಹಠಾತ್ತಾಗಿ ಬರಿದುಮಾಡುತ್ತದೆ. ಕುಸಿತ ಅಷ್ಟು ವೇಗದ್ದಾದ್ದರಿಂದ ಕಳೆದ ವಾರದ ವರದಿ ಚೆನ್ನಾಗಿತ್ತೆಂಬುದು ಭರವಸೆಯಲ್ಲ. ಈ ಮಾತ್ರೆ ಸೇವಿಸುವವರಿಗೆ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ರಕ್ತ ಎಣಿಸಿಸಬೇಕು. ನೆಗಡಿಯೆಂದು ಶುಂಠಿ ಕಷಾಯದಲ್ಲಿ ಎರಡು ದಿನ ಕಳೆಯಬಾರದು. ಸಲ್ಫಾಸಲಜೀನ್, ಮನೋರೋಗಕ್ಕೆ ಕೊಡುವ ಕ್ಲೋಜಪೀನ್ ಇವುಗಳಿಗೂ ಇಂಥದೇ ಎಚ್ಚರಿಕೆ ಸಲ್ಲುತ್ತದೆ. ಉಳಿದ ಔಷಧಿಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.

ರಕ್ತರೋಗ ತಜ್ಞರನ್ನು ತಡಮಾಡದೆ ಕಾಣಬೇಕಾದ ಸಂದರ್ಭಗಳೂ ಸ್ಪಷ್ಟವಾಗಿವೆ. ನಿರಪೇಕ್ಷ ಸಂಖ್ಯೆ 1,000ಕ್ಕಿಂತ ಕಡಿಮೆಯೆಂದು ಮರುಪರೀಕ್ಷೆಯಲ್ಲೂ ಬಂದರೆ, ಪ್ರತಿ ವರದಿಯಲ್ಲೂ ಇನ್ನಷ್ಟು ಇಳಿಯುತ್ತಿದ್ದರೆ, ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಜೊತೆಗೂಡಿ ಕುಂದಿದ್ದರೆ, ಲೇಪದಲ್ಲಿ ಎಳೆಯ ಕಣಗಳು ಕಂಡರೆ, ಗುಲ್ಮ ಅಥವಾ ಗಂಟುಗಳು ಕೈಗೆ ಸಿಕ್ಕರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಯುವ ಪ್ರಶ್ನೆಯಿಲ್ಲ. ಮಜ್ಜೆಯ ಪರೀಕ್ಷೆ ಅರ್ಥಪೂರ್ಣವಾಗುವುದು ಇಲ್ಲಿ. ಸಂಖ್ಯೆ 500ಕ್ಕಿಂತ ಕೆಳಗಿದ್ದು 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವಿದ್ದರೆ, ಹಗಲಿರಲಿ ರಾತ್ರಿಯಿರಲಿ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೀವು ಕಟ್ಟಲು ಬೇಕಾದ ಕಣಗಳೇ ಇಲ್ಲದ ಕಾರಣ ಸೋಂಕಿನ ಹೊರಗುರುತುಗಳು ಆಗ ಕಾಣಿಸದೇ ಹೋಗಬಹುದು, ಜ್ವರವೊಂದೇ ಮಾತಾಡುತ್ತದೆ.

ಬಿಳಿ ರಕ್ತಕಣ ಹೆಚ್ಚಿಸುವ ಆಹಾರ ಯಾವುದೆಂದು ಹಲವರು ವಿಚಾರಿಸುತ್ತಾರೆ. ಬಿ12, ಫೋಲೇಟ್‌ಗಳಂಥ ಕೊರತೆ ಇದ್ದಲ್ಲಿ ಅದನ್ನು ತುಂಬುವುದರ ಹೊರತು ಹಾಗೆ ಹೆಚ್ಚಿಸುವ ಸೊಪ್ಪು, ಹಣ್ಣು, ರಸ ಯಾವುದೂ ಇಲ್ಲ. ಮರುಪರೀಕ್ಷೆಗೆ ಹೋಗುವಾಗ ಅದೇ ಪ್ರಯೋಗಾಲಯಕ್ಕೆ, ಸುಮಾರಾಗಿ ಅದೇ ಹೊತ್ತಿಗೆ ಹೋಗುವುದು ಲೇಸು. ನ್ಯೂಟ್ರೋಫಿಲ್‌ಗಳು ಬೆಳಿಗ್ಗೆ ಕಡಿಮೆಯಿದ್ದು ಮಧ್ಯಾಹ್ನದ ಹೊತ್ತಿಗೆ ಏರುತ್ತವೆ. ಮೆಟ್ಟಿಲು ಹತ್ತಿ ಓಡಿ ಬಂದವರಲ್ಲಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದವೂ ಪ್ರವಾಹಕ್ಕಿಳಿದು ಸಂಖ್ಯೆ ಹೆಚ್ಚುತ್ತದೆ. ಹಳೆಯ ವರದಿಗಳನ್ನು ಜೊತೆಯಲ್ಲಿ ಒಯ್ಯಿರಿ.