ಕೋರ್‌ಬೂಟ್: ಮೊದಲ ಸಹಿಯ ಕೀಲಿ ಯಾರ ಕೈಯಲ್ಲಿದೆ?

ಲ್ಯಾಪ್‌ಟಾಪಿನ ಗುಂಡಿ ಒತ್ತಿದ ಮೇಲೆ ವಿಂಡೋಸೋ ಲಿನಕ್ಸೋ ತೆರೆಯ ಮೇಲೆ ಮೂಡುವ ಮೊದಲು ಇನ್ನೊಂದು ತಂತ್ರಾಂಶ ಓಡಿ ಮುಗಿದಿರುತ್ತದೆ. ಮದರ್‌ಬೋರ್ಡಿನ ಮೇಲಿರುವ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್ಪಿನಲ್ಲಿ ಅದರ ವಾಸ. ಮೆಮೊರಿಯನ್ನು ಎಬ್ಬಿಸುವುದು, ಡಿಸ್ಕನ್ನು ಹುಡುಕುವುದು, ಯಾವ ಆಪರೇಟಿಂಗ್ ಸಿಸ್ಟಮಿಗೆ ಅಧಿಕಾರ ಒಪ್ಪಿಸಬೇಕೆಂದು ತೀರ್ಮಾನಿಸುವುದು ಎಲ್ಲವೂ ಅದರದೇ ಕೆಲಸ. ಈ ಫರ್ಮ್‌ವೇರನ್ನು ಕಂಪನಿಗಳು ಮುಚ್ಚಿದ ಗುಟ್ಟಾಗಿಯೇ ಕೊಡುತ್ತ ಬಂದಿವೆ. ಅದರ ಜಾಗದಲ್ಲಿ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಫರ್ಮ್‌ವೇರ್ ಇಡುವ ಪ್ರಯತ್ನಗಳಲ್ಲಿ ಕೋರ್‌ಬೂಟ್ ಮುಖ್ಯವಾದದ್ದು. ಅದರ ಚರಿತ್ರೆಯನ್ನು ಮುಚ್ಚಿದ ಕೋಡಿನ ಮೇಲೆ ತೆರೆದ ಕೋಡ್ ಗೆದ್ದ ಕಥೆಯಂತೆ ಹೇಳುವುದು ರೂಢಿ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಕೋಡ್ ತೆರೆದಿದ್ದರೂ ಅದರ ಸಹಿಯನ್ನು ಪರೀಕ್ಷಿಸುವ ಮೊದಲ ಕೀಲಿ ಯಾರದು, ಆ ಕೀಲಿ ಕೂತಿರುವ ಜಾಗವನ್ನು ಯಾರು ಬರೆಯಬಲ್ಲರು ಎಂಬುದರ ಮೇಲೆಯೇ ಯಂತ್ರದ ಭದ್ರತೆಯೂ ಒಡೆತನವೂ ನಿಂತಿವೆ.

ಶುರುವಾದದ್ದು ಭದ್ರತೆಗಾಗಿ ಅಲ್ಲ. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನಿಚ್ ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಜೋಡಿಸಿ ದುಡಿಸುವ ಕೆಲಸದಲ್ಲಿದ್ದರು. ಕೀಬೋರ್ಡಿಲ್ಲದ, ತೆರೆಯಿಲ್ಲದ ಅಂಥ ಯಂತ್ರಗಳಿಗೆ ಮೇಜಿನ ಪಿಸಿಗೆಂದು ಬರೆದ ಬಯಾಸ್ ಹೊಂದುತ್ತಿರಲಿಲ್ಲ. ನೇರವಾಗಿ ಲಿನಕ್ಸನ್ನೇ ಎಬ್ಬಿಸಿದರಾಯಿತು ಎಂದು ಲಿನಕ್ಸ್‌ಬಯಾಸ್ ಹುಟ್ಟಿತು. 2008ರಲ್ಲಿ ಅದರ ಹೆಸರು ಕೋರ್‌ಬೂಟ್ ಎಂದಾಯಿತು. ಅಷ್ಟರೊಳಗೆ ಅದರ ವಿನ್ಯಾಸವೂ ಸ್ಪಷ್ಟವಾಗಿತ್ತು: ಯಂತ್ರಾಂಶವನ್ನು ಎಬ್ಬಿಸುವಷ್ಟು ಮಾತ್ರ ಮಾಡಿ, ಮುಂದಿನ ಕೆಲಸವನ್ನು ಪೇಲೋಡ್ ಎಂಬ ಬೇರೆ ತುಣುಕಿಗೆ ಒಪ್ಪಿಸುವುದು. ಸೀಬಯಾಸ್, ಗ್ರಬ್, ಯುಇಎಫ್‌ಐಯ ತೆರೆದ ರೂಪ, ಹೀಗೆ ಪೇಲೋಡ್ ಯಾವುದಾದರೂ ಆಗಬಹುದು. ಹಂತಗಳು ಹೀಗೆ ಬಿಡಿಬಿಡಿಯಾಗಿದ್ದರೆ ಒಂದು ಹಂತ ಮುಂದಿನದರ ಸಹಿಯನ್ನು ನೋಡಿ, ಸರಿಯಿದ್ದರೆ ಮಾತ್ರ ಒಳಗೆ ಬಿಡುವುದು ಸುಲಭ.

ಆ ಅನುಕೂಲವನ್ನು ಪೂರ್ತಿ ಬಳಸಿಕೊಂಡದ್ದು ಗೂಗಲ್. 2012ರಿಂದ ಇಂಟೆಲ್ ಕ್ರೋಮ್‌ಬುಕ್‌ಗಳಲ್ಲಿ ಕೋರ್‌ಬೂಟ್ ಬರತೊಡಗಿತು, ಜೊತೆಗೆ ವಿಬೂಟ್ ಎಂಬ ದೃಢೀಕೃತ ಬೂಟ್ ವ್ಯವಸ್ಥೆಯೂ. ಇದರಲ್ಲಿ ಫ್ಲ್ಯಾಶ್ ಚಿಪ್ಪು ಎರಡು ಬಗೆಯ ಭಾಗಗಳಾಗಿರುತ್ತದೆ. ಒಂದು ಕಾರ್ಖಾನೆ ಬಿಟ್ಟ ಮೇಲೆ ಬದಲಾಗದ ಓದು-ಮಾತ್ರದ ಭಾಗ. ಮೂಲ ಸಾರ್ವಜನಿಕ ಕೀಲಿಯೂ ಸಹಿ ಪರೀಕ್ಷಿಸುವ ಕೋಡೂ ಇರುವುದು ಅಲ್ಲಿಯೇ. ಇನ್ನೊಂದು, ಅಪ್‌ಡೇಟ್ ಬಂದಾಗ ಬದಲಾಗುವ ಎ ಮತ್ತು ಬಿ ಎಂಬ ಎರಡು ಪ್ರತಿಗಳು. ಎ ಪ್ರತಿಯ ಸಹಿ ಕೆಟ್ಟರೆ ಬಿ ಓಡುತ್ತದೆ, ಎರಡೂ ಕೆಟ್ಟರೆ ಯಂತ್ರ ರಿಕವರಿ ತೆರೆಗೆ ಹೋಗುತ್ತದೆ. ಸಹಿ ಸರಿಯಿದ್ದರೂ ದೋಷವಿರುವ ಹಳೆಯ ಆವೃತ್ತಿಯನ್ನು ಮರಳಿ ತುರುಕಲು ಆಗದಂತೆ ಆವೃತ್ತಿಯ ಸಂಖ್ಯೆ ಟಿಪಿಎಂ ಚಿಪ್ಪಿನಲ್ಲಿ ದಾಖಲಾಗಿರುತ್ತದೆ. ಇಷ್ಟೆಲ್ಲದರ ಬುಡ ಇರುವುದು ಫ್ಲ್ಯಾಶ್ ಚಿಪ್ಪಿನ ಬರಹತಡೆ ಕಾಲಿನಲ್ಲಿ. ಹಳೆಯ ಮಾದರಿಗಳಲ್ಲಿ ಆ ಕಾಲನ್ನು ನೆಲಕ್ಕೆ, ಎಂದರೆ ಗ್ರೌಂಡಿಗೆ ಹಿಡಿದಿಡುತ್ತಿದ್ದದ್ದು ಒಂದು ಸ್ಕ್ರೂ. ಈಚಿನವುಗಳಲ್ಲಿ ಆ ಕೆಲಸ ಗೂಗಲ್‌ನ ಪ್ರತ್ಯೇಕ ಭದ್ರತಾ ಚಿಪ್ಪಿನದು. ಆಪರೇಟಿಂಗ್ ಸಿಸ್ಟಮಿನ ಸಂಪೂರ್ಣ ಹಿಡಿತ ಸಿಕ್ಕ ದುಷ್ಟ ತಂತ್ರಾಂಶವೂ ಆ ಕಾಲಿನ ವೋಲ್ಟೇಜನ್ನು ಬದಲಿಸಲಾರದು. ಅದಕ್ಕೆ ಯಾರಾದರೂ ಖುದ್ದಾಗಿ ಯಂತ್ರದ ಬಳಿ ಇರಲೇಬೇಕು.

ಇದು ದೂರದ ವಿಷಯವೇನಲ್ಲ. 2023ರ ಅಕ್ಟೋಬರಿನಿಂದ ಎಚ್‌ಪಿ ಕ್ರೋಮ್‌ಬುಕ್‌ಗಳು ಚೆನ್ನೈ ಬಳಿಯ ಫ್ಲೆಕ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿವೆ. ಮುಖ್ಯವಾಗಿ ಶಾಲೆಗಳಿಗೆಂದು ಹೊರಟ ಆ ಯಂತ್ರಗಳು ಗುಂಡಿ ಒತ್ತಿದಾಗ ಮೊದಲು ಓಡಿಸುವುದು ಕೋರ್‌ಬೂಟನ್ನೇ. ಆ ಕೋಡಿಗೆ ಇಂಟೆಲ್, ಗೂಗಲ್‌ಗಳ ಬೆಂಗಳೂರು ಎಂಜಿನಿಯರುಗಳ ದುಡಿಮೆಯೂ ಸೇರಿದೆ. ಇಂಟೆಲ್‌ನಲ್ಲಿದ್ದು ಗೂಗಲ್ ಸೇರಿದ ಸುಬ್ರತ ಬಾನಿಕ್, ವಿನ್ಸೆಂಟ್ ಝಿಮ್ಮರ್ ಜೊತೆ ತೆರೆದ ಫರ್ಮ್‌ವೇರ್ ಕುರಿತು ಗ್ರಂಥವನ್ನೇ ಬರೆದಿದ್ದಾರೆ. ಆದರೂ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲೋ ವಿಜಯವಾಡದಲ್ಲೋ ಅಂಥ ಯಂತ್ರ ಕೊಂಡವರಿಗೆ ಮೂಲ ಕೀಲಿಯ ಮೇಲೆ ಹಕ್ಕಿಲ್ಲ, ಅದು ಗೂಗಲ್‌ನದು. ಮಾದರಿಯೊಂದಕ್ಕೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ಆ ಅವಧಿ ಮುಗಿದ ಯಂತ್ರಕ್ಕೆ ಮಿಸ್ಟರ್‌ಕ್ರೋಮ್‌ಬಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಕೋರ್‌ಬೂಟನ್ನು ಬರೆದುಕೊಂಡು ಸಾಮಾನ್ಯ ಲಿನಕ್ಸ್ ಹಾಕಿಕೊಳ್ಳಬಹುದು. ಬರಹತಡೆಯನ್ನು ತೆಗೆದು ಪೂರ್ತಿ ಚಿಪ್ಪನ್ನು ಬದಲಿಸಿದರೆ ಕ್ರೋಮ್‌ನ ದೃಢೀಕೃತ ಬೂಟ್ ಅಲ್ಲಿಗೆ ಮುಗಿಯಿತು. ಯಂತ್ರ ನಿಮ್ಮದಾಯಿತು, ಕಾವಲು ಹೋಯಿತು. ಈ ಕೊಡುಕೊಳ್ಳುವಿಕೆಯನ್ನು ತಿಳಿದು ಮಾಡಿದರೆ ತಪ್ಪಿಲ್ಲ. ಕೋರ್‌ಬೂಟ್ ಹಾಕಿಕೊಂಡೆ, ಇನ್ನು ಸುರಕ್ಷಿತ ಎಂದುಕೊಂಡರೆ ಮಾತ್ರ ಅದು ಭ್ರಮೆ.

ಹಾಗಿದ್ದರೆ ಕೀಲಿ ಕಂಪನಿಯ ಬಳಿಯೇ ಇರಲಿ, ನಮಗೇಕೆ ಈ ತಂಟೆ ಎಂಬ ವಾದಕ್ಕೆ ತೂಕವಿದೆ. ಇಂಟೆಲ್ 2013ರ ಹ್ಯಾಸ್ವೆಲ್ ಪೀಳಿಗೆಯಿಂದ ತಂದ ಬೂಟ್ ಗಾರ್ಡ್ ಇದೇ ವಾದದ ಯಾಂತ್ರಿಕ ರೂಪ. ಲ್ಯಾಪ್‌ಟಾಪ್ ತಯಾರಕರು ತಮ್ಮ ಕೀಲಿಯ ಗುರುತನ್ನು ಚಿಪ್‌ಸೆಟ್ಟಿನೊಳಗಿನ ಫ್ಯೂಸುಗಳಲ್ಲಿ ಸುಟ್ಟು ಕೂರಿಸುತ್ತಾರೆ. ಆ ಮೇಲೆ ಬೇರೆಯವರ ಸಹಿಯಿರುವ ಫರ್ಮ್‌ವೇರ್ ಆ ಯಂತ್ರದಲ್ಲಿ ಓಡುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಹುಪಾಲಿಗೆ ಕೋರ್‌ಬೂಟ್ ಹಾಕಲಾಗದಿರುವುದಕ್ಕೆ ಮುಖ್ಯ ಕಾರಣ ಇದು. ರಕ್ಷಣೆಯ ದೃಷ್ಟಿಯಿಂದ ಗಟ್ಟಿ ವ್ಯವಸ್ಥೆಯೇ, ಕೀಲಿ ಗುಟ್ಟಾಗಿರುವವರೆಗೆ. 2023ರಲ್ಲಿ ಎಂಎಸ್‌ಐ ಕಂಪನಿಯ ಮೇಲೆ ನಡೆದ ದಾಳಿಯಲ್ಲಿ ಅದರ ಬೂಟ್ ಗಾರ್ಡ್ ಖಾಸಗಿ ಕೀಲಿಗಳು ಸೋರಿಹೋದವು. ಫ್ಯೂಸಿನಲ್ಲಿ ಸುಟ್ಟ ಗುರುತನ್ನು ಮನೆಗೆ ಹೋದ ಯಂತ್ರದಲ್ಲಿ ಬದಲಿಸಲಾಗದು. 2024ರಲ್ಲಿ ಬೈನಾರ್ಲಿ ಸಂಸ್ಥೆ ಬಯಲು ಮಾಡಿದ್ದು ಇನ್ನೂ ಬೇಸರ ತರಿಸುವಂಥದ್ದು. ಎಎಂಐ ಎಂಬ ಬಯಾಸ್ ಕಂಪನಿ ಕೇವಲ ಪರೀಕ್ಷೆಗೆಂದು ಕೊಟ್ಟ, ‘ಡು ನಾಟ್ ಟ್ರಸ್ಟ್’ ಎಂದು ಮೈಮೇಲೆಯೇ ಬರೆದಿದ್ದ ಕೀಲಿ, ನೂರಾರು ಮಾದರಿಗಳಲ್ಲಿ ಸೆಕ್ಯೂರ್ ಬೂಟಿನ ಮೂಲ ಕೀಲಿಯಾಗಿ ಮಾರಾಟವಾಗಿತ್ತು. ಕಂಪನಿಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಒಂದೇ ಕೀಲಿಗೆ ಲಕ್ಷಾಂತರ ಯಂತ್ರಗಳು ತೂಗುಬಿದ್ದಾಗ ಒಂದು ಅಜಾಗರೂಕತೆಯ ಬೆಲೆ ಎಲ್ಲರ ಪಾಲಿಗೂ ಬರುತ್ತದೆ, ಅದನ್ನು ಸರಿಪಡಿಸುವ ಹಕ್ಕು ಮಾತ್ರ ಬಳಕೆದಾರರಿಗಿರುವುದಿಲ್ಲ.

ಬೂಟ್ ಗಾರ್ಡ್ ಬರುವ ಮುಂಚಿನ ಯಂತ್ರಗಳಲ್ಲಿ ಕೋರ್‌ಬೂಟ್ ಹಾಕಿಕೊಳ್ಳಲು ಹೆಚ್ಚು ಬಳಕೆಯಾಗುವವುಗಳಲ್ಲಿ ಒಂದು ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230. ಬೆಂಗಳೂರಿನಲ್ಲಿ ಡೀಪ್‌ರೂಟ್ ಲಿನಕ್ಸ್‌ನ ಅಭಾಸ್ ಅಭಿನವ್ ನಡೆಸುವ ಮೋಸ್ಟ್ಲಿ ಹಾರ್ಮ್‌ಲೆಸ್ ಸಹ ಹಳೆಯ ಥಿಂಕ್‌ಪ್ಯಾಡುಗಳಿಗೆ ಇಂಥ ಫರ್ಮ್‌ವೇರ್ ಹಾಕಿ ಕೊಡುತ್ತದೆ. ತಾವೇ ಮಾಡುವವರು ಅಂಗೈ ಇಡುವ ಮೇಲುಹಲಗೆಯನ್ನು ತೆಗೆದರೆ ಎರಡು ಚಿಪ್ಪು ಕಾಣುತ್ತವೆ: ಒಂದು 8 ಎಂಬಿ, ಒಂದು 4 ಎಂಬಿ. ಪ್ರೊಸೆಸರ್ ಎದ್ದಾಗ ಮೊದಲು ಓದುವ ಕೋಡ್ 4 ಎಂಬಿಯದರಲ್ಲಿದೆ. ಇನ್ನೊಂದರಲ್ಲಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಕೋಡೂ ನೆಟ್‌ವರ್ಕ್ ವಿಳಾಸವೂ ಇವೆ. ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು, ಚಿಪ್ಪಿಗೆ ಕ್ಲಿಪ್ ಕಚ್ಚಿಸಿ, ಪ್ರೋಗ್ರಾಮರ್ ಮೂಲಕ ಹಳೆಯದನ್ನು ಎರಡು ಬಾರಿ ಓದಿಟ್ಟುಕೊಳ್ಳಬೇಕು. 4 ಎಂಬಿ ಚಿಪ್ಪಿಗೆ ಹೀಗೆ, 8 ಎಂಬಿಯದಕ್ಕೆ ಬೇರೆ ಕಡತದ ಹೆಸರಿನಲ್ಲಿ ಇದನ್ನೇ:

```
flashrom -p ch341a_spi -r top1.bin
flashrom -p ch341a_spi -r top2.bin
sha256sum top1.bin top2.bin
```

ಎರಡರ ಮೊತ್ತ ಒಂದೇ ಬಂದು, ಕಡತದ ಗಾತ್ರ 4194304 ಬೈಟ್ ಇದ್ದರೆ ಓದು ಸರಿ ಎಂದು ಅನೇಕರು ಬರೆಯಲು ಹೊರಡುತ್ತಾರೆ. ಅಷ್ಟು ಸಾಲದು. ಕ್ಲಿಪ್ಪಿನ ಒಂದು ತಂತಿ ತಾಗದೆ ಇಡೀ ಕಡತ `FF` ಗಳಿಂದಲೇ ತುಂಬಿದ್ದರೂ ಎರಡು ಓದುಗಳು ಹೊಂದುತ್ತವೆ. ಕಡತವನ್ನು ತೆರೆದು ನೋಡಿ, ಲೆನೊವೊ ಹೆಸರಿನಂಥ ಓದಬಲ್ಲ ಪದಗಳಿವೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಬೇಕು. ಕಡಲ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದ ಸೆಕೆಂಡ್‌ಹ್ಯಾಂಡ್ ಯಂತ್ರದ ಚಿಪ್ಪಿನ ಕಾಲುಗಳಿಗೆ ಕಿಲುಬು ಹಿಡಿದಿದ್ದರೆ ಕ್ಲಿಪ್ ಇನ್ನಷ್ಟು ಕಾಡಿಸುತ್ತದೆ. ಇನ್ನೊಂದು ಅಪಾಯ ಪ್ರೋಗ್ರಾಮರಿನದೇ. ಅಗ್ಗಕ್ಕೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ, ಚಿಪ್ಪಿಗೆ 3.3 ವೋಲ್ಟ್ ವಿದ್ಯುತ್ ಕೊಟ್ಟರೂ ದತ್ತಾಂಶದ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತದೆ. ಅನೇಕ ಬಾರಿ ಏನೂ ಆಗುವುದಿಲ್ಲ, ಆಗುವ ದಿನ ಚಿಪ್ಪಿನ ಜೊತೆ ಚಿಪ್‌ಸೆಟ್ಟೂ ಹೋಗಬಹುದು. ಬರೆದ ಮೇಲೆ ದೀಪ ಹತ್ತಿ, ಫ್ಯಾನ್ ತಿರುಗಿ, ತೆರೆ ಕಪ್ಪಾಗಿಯೇ ಉಳಿದರೆ ಮೊದಲ ಕೋಡೇ ಓಡಲಿಲ್ಲವೆಂದು ಶಂಕಿಸಬೇಕು. ಎಲ್ಲ ಸರಿಯಿದ್ದೂ ಸುಮಾರು ಮೂವತ್ತು ನಿಮಿಷಕ್ಕೆ ಯಂತ್ರ ತಾನಾಗಿ ಆರಿದರೆ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಭಾಗ ಕೆಟ್ಟಿದೆ. ಎರಡೂ ಚಿಪ್ಪುಗಳ ಮೊದಲ ಪ್ರತಿ ಭದ್ರವಾಗಿದ್ದರೆ ಈ ಎರಡು ತೊಂದರೆಗಳಿಗೂ ಮದ್ದಿದೆ. ಚಿಪ್ ಲೆವೆಲ್ ರಿಪೇರಿ ಮಾಡುವ ಅಂಗಡಿಯವರ ಬಳಿ ಇಂಥ ಪ್ರೋಗ್ರಾಮರುಗಳು ಇರುತ್ತವೆ. ಪ್ರತಿ ಇಲ್ಲದಿದ್ದರೆ ಅದೇ ಮಾದರಿಯ ಬೇರೆ ಯಂತ್ರದ ಕಡತವನ್ನು ಅವರು ತುಂಬಿ ಕೊಟ್ಟಾರು, ಆದರೆ ನಿಮ್ಮ ಯಂತ್ರದ ನೆಟ್‌ವರ್ಕ್ ವಿಳಾಸ ಆಗ ಬೇರೆಯವರದಾಗುತ್ತದೆ.

ಇಷ್ಟು ಮುಗಿದಾಗ ಎಕ್ಸ್230ರಲ್ಲಿ ಕೋರ್‌ಬೂಟ್ ಇದೆ, ದೃಢೀಕರಣ ಇನ್ನೂ ಇಲ್ಲ. ಕಟ್ಟುವಾಗ `CONFIG_VBOOT` ಆಯ್ದುಕೊಂಡರೆ ಸಹಿ ಪರೀಕ್ಷೆ ಸೇರುತ್ತದೆ. ಆದರೆ ಬೇರೆ ಕೀಲಿ ಕೊಡದಿದ್ದರೆ ಅದು ಬಳಸುವುದು `3rdparty/vboot/tests/devkeys` ಎಂಬಲ್ಲಿರುವ ಕೀಲಿಗಳನ್ನು. ಅವುಗಳ ಖಾಸಗಿ ಅರ್ಧವೂ ಅದೇ ಕಡತಕೋಶದಲ್ಲಿ ಎಲ್ಲರಿಗೂ ತೆರೆದಿದೆ. ಸಹಿ ಸರಿಯಿದೆ ಎಂದು ಯಂತ್ರ ಹೇಳುತ್ತದೆ, ಆ ಸಹಿಯನ್ನು ಯಾರು ಬೇಕಾದರೂ ಹಾಕಬಲ್ಲರು. ಎಎಂಐ ಕೀಲಿಯ ಪ್ರಕರಣದಲ್ಲಿ ಆದದ್ದೂ ಇದೇ ಅಲ್ಲವೇ? ತೆರೆದ ಕೋಡ್ ಈ ತಪ್ಪಿನಿಂದ ನಮ್ಮನ್ನು ಕಾಪಾಡುವುದಿಲ್ಲ. ಹಾಗಾಗಿ `create_new_keys.sh` ಓಡಿಸಿ ಸ್ವಂತ ಕೀಲಿ ಮಾಡಿಕೊಂಡು, ಖಾಸಗಿ ಭಾಗವನ್ನು ಆ ಲ್ಯಾಪ್‌ಟಾಪಿನಲ್ಲಿ ಇಡದೆ ಬೇರೆಡೆ ಇಡಬೇಕು. ಇದಾದ ಮೇಲೂ ಮೂಲ ಕೀಲಿ ಕೂತ 4 ಎಂಬಿ ಚಿಪ್ಪು ಬರೆಯಲು ತೆರೆದೇ ಇರುತ್ತದೆ. ಅದರ ಮೂರನೆಯ ಕಾಲು ಬರಹತಡೆಯದು, ಪಕ್ಕದ ನಾಲ್ಕನೆಯದು ನೆಲದ್ದು. ಚಿಪ್ಪಿನೊಳಗಿನ ತಡೆಯ ಬಿಟ್‌ಗಳನ್ನು ಏರಿಸಿ, ಈ ಎರಡು ಕಾಲುಗಳನ್ನು ಬೆಸೆದರಷ್ಟೇ ಕ್ರೋಮ್‌ಬುಕ್ಕಿನ ಸ್ಕ್ರೂ ಮಾಡುತ್ತಿದ್ದ ಕೆಲಸ ಇಲ್ಲಿ ಆಗುತ್ತದೆ. ಬೆಸೆಯುವ ಮುನ್ನ ಮಲ್ಟಿಮೀಟರ್ ಹಿಡಿದು, ಮೂರನೆಯ ಕಾಲು ವಿದ್ಯುತ್ತಿಗೆ ರೆಸಿಸ್ಟರ್ ಮೂಲಕ ಸೇರಿದೆಯೋ ನೇರವಾಗಿಯೋ ಎಂದು ನೋಡಲೇಬೇಕು. ನೇರವಾಗಿದ್ದರೆ ಬೆಸುಗೆ ಶಾರ್ಟ್ ಆಗುತ್ತದೆ. ವಿಬೂಟಿನ ಕಾವಲು ಪೇಲೋಡಿನವರೆಗೆ ಮಾತ್ರ ಎಂಬುದೂ ನೆನಪಿರಲಿ. ಡಿಸ್ಕಿನಲ್ಲಿರುವ ಲಿನಕ್ಸ್ ಕರ್ನಲ್ಲಿನ ಸಹಿಯನ್ನು ಗ್ರಬ್ ಪರೀಕ್ಷಿಸುವಂತೆ ಬೇರೆಯಾಗಿ ಹೇಳಿಕೊಡದಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಮ್ಯಾನೇಜ್‌ಮೆಂಟ್ ಎಂಜಿನ್ನಿನ ಕೋಡ್ ಹೇಗೂ ಇಂಟೆಲ್‌ನದೇ, ಹೊಸ ಯಂತ್ರಗಳಲ್ಲಿ ಮೆಮೊರಿ ಎಬ್ಬಿಸುವ ಭಾಗವೂ ಮುಚ್ಚಿದ್ದೇ, ಹಾಗಿರುವಾಗ ಇಷ್ಟು ಶ್ರಮ ಏಕೆ ಎಂಬ ಆಕ್ಷೇಪಣೆ ಉಳಿಯುತ್ತದೆ. ಎಕ್ಸ್230ರ ಮಟ್ಟಿಗೆ ಮೆಮೊರಿ ಎಬ್ಬಿಸುವ ಕೋಡನ್ನು ಕೋರ್‌ಬೂಟ್‌ನವರು ತಾವೇ ಬರೆದಿದ್ದಾರೆ. ಎಂಇ ಕ್ಲೀನರ್ ಎಂಬ ಸಾಧನದಿಂದ 5 ಎಂಬಿಯ ಎಂಜಿನ್ ಕೋಡನ್ನು 100 ಕೆಬಿಗಿಂತ ಕೆಳಗೆ ಇಳಿಸಬಹುದು, ಪೂರ್ತಿ ಅಳಿಸಲಾಗದು. ಹೊಸ ಯಂತ್ರಗಳ ಬಗ್ಗೆ ಆಕ್ಷೇಪಣೆ ನಿಜವೇ. ಅಲ್ಲಿ ಭರವಸೆಯಿರುವುದು ಮನೆಯ ಕ್ಲಿಪ್ಪಿನಲ್ಲಲ್ಲ, ಫ್ಯೂಸ್ ಸುಡದೆ ಬಿಟ್ಟ ತಯಾರಕರಲ್ಲಿ. ಸಿಸ್ಟಮ್76 ತನ್ನ ಹಲವು ಲ್ಯಾಪ್‌ಟಾಪುಗಳನ್ನು ಕೋರ್‌ಬೂಟ್ ಸಮೇತವೇ ಮಾರುತ್ತದೆ. ಪೋಲೆಂಡಿನ 3ಎಂಡೆಬ್ ತನ್ನ ದಶಾರೋ ಕೋರ್‌ಬೂಟನ್ನು ಎಂಎಸ್‌ಐನದೇ ಒಂದು ಝಡ್690 ಮದರ್‌ಬೋರ್ಡಿಗೆ ಹೊಂದಿಸಿದೆ. ಅದು ಸಾಧ್ಯವಾದದ್ದು ಆ ಬೋರ್ಡಿನಲ್ಲಿ ಬೂಟ್ ಗಾರ್ಡ್ ಫ್ಯೂಸುಗಳು ಖಾಲಿಯಿದ್ದುದರಿಂದ. ಹೊಸ ಯಂತ್ರ ಕೊಳ್ಳುವವರು ಮಾರಾಟಗಾರರನ್ನು ಕೇಳಬೇಕಾದದ್ದು ಈ ಫ್ಯೂಸಿನ ಸಂಗತಿಯನ್ನೇ.