ಹದಿಹರೆಯದಲ್ಲಿ ಪ್ಯಾನಿಕ್ ಅಟ್ಯಾಕ್

ಪ್ಯಾನಿಕ್ ಅಟ್ಯಾಕ್: ಎದುರಿಗೆ ಯಾವ ಅಪಾಯವೂ ಇಲ್ಲದಿರುವಾಗ ಹಠಾತ್ತನೆ ಉದ್ಭವಿಸಿ, ಕೆಲವೇ ನಿಮಿಷಗಳಲ್ಲಿ ಪರಾಕಾಷ್ಠೆಗೇರಿ, ಅನಂತರ ತಾನಾಗಿಯೇ ಇಳಿಯುವ ತೀವ್ರ ಭೀತಿ. ಎದೆಬಡಿತ, ಉಸಿರು ಕಟ್ಟಿದಂತಾಗುವುದು, ಬೆವರು, ನಡುಕ, ತಲೆಸುತ್ತು, ಬೆರಳುಗಳು ಜೋಮು ಹಿಡಿಯುವುದು ಇದರ ಲಕ್ಷಣಗಳು. ಇವುಗಳೊಡನೆ ಸತ್ತೇಹೋಗುವೆನೆಂಬ ಅಥವಾ ಬುದ್ಧಿ ಕೆಟ್ಟೀತೆಂಬ ಅಂಜಿಕೆಯೂ ಕೂಡಿಕೊಳ್ಳುವುದುಂಟು. ಒಮ್ಮೆ ಬಂದು ಹೋದುದನ್ನು ರೋಗವೆನ್ನುವುದಿಲ್ಲ. ನಿಷ್ಕಾರಣವಾಗಿ ಮರುಕಳಿಸುತ್ತ, ಇನ್ನೊಮ್ಮೆ ಬಂದೀತೆಂಬ ಚಿಂತೆಯೋ, ಅದಕ್ಕಂಜಿ ಶಾಲೆ, ಬಸ್ಸು, ಜನಸಂದಣಿಗಳನ್ನು ತೊರೆಯುವ ನಡವಳಿಕೆಯೋ ಒಂದು ತಿಂಗಳಾದರೂ ಉಳಿದಾಗ ವೈದ್ಯರು ಅದನ್ನು ಪ್ಯಾನಿಕ್ ಡಿಸಾರ್ಡರ್ ಎಂದು ಗುರುತಿಸುತ್ತಾರೆ. ಬಾಲ್ಯದಲ್ಲಿ ವಿರಳವಾದ ಈ ವ್ಯಾಧಿ ಹದಿಹರೆಯದಿಂದ ಮೊದಲ್ಗೊಂಡು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ದೇಹದ ಎಚ್ಚರಿಕೆಯ ವ್ಯವಸ್ಥೆ: ಪ್ರಾಣಾಪಾಯ ಒದಗಿದಾಗ ಹೋರಾಡಲು ಅಥವಾ ಓಡಲು ಶರೀರವು ಕ್ಷಣಮಾತ್ರದಲ್ಲಿ ಸನ್ನದ್ಧವಾಗುವ ಬಗೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಮಿದುಳಿನ ಆಳದಲ್ಲಿರುವ ಅಮಿಗ್ಡಲವು ಅಪಾಯದ ಸುಳಿವನ್ನು ಹಿಡಿದೊಡನೆ ನರಮಂಡಲವು ಪ್ರಚೋದಿತವಾಗಿ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಸ್ರವಿಸಿ, ಸ್ನಾಯುಗಳಿಗೆ ರಕ್ತವನ್ನೊದಗಿಸಲು ಹೃದಯ ವೇಗವಾಗಿ ಬಡಿಯುತ್ತದೆ, ಉಸಿರಾಟವೂ ತೀವ್ರಗೊಳ್ಳುತ್ತದೆ. ಓಡದೆ ಕುಳಿತಲ್ಲಿಯೇ ಹೀಗೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ, ಮಿದುಳಿನ ರಕ್ತನಾಳಗಳು ತುಸು ಸಂಕುಚಿತಗೊಂಡು, ತಲೆ ಹಗುರಾಗುತ್ತದೆ, ಬೆರಳು ಜೋಮುಗಟ್ಟುತ್ತದೆ. ಸಂಕಟಕರವಾದರೂ ಆರೋಗ್ಯವಂತನಿಗೆ ಇವು ಅಪಾಯಕಾರಿಯಲ್ಲ.

ಹಾಗಾದರೆ ಭೀತಿ ಬೆಳೆಯುವುದೆಂತು? ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಮಂಡಿಸಿದ ವಿವರಣೆಯಂತೆ, ಎದೆಬಡಿತವನ್ನು ಹೃದಯಾಘಾತವೆಂದೂ ತಲೆಸುತ್ತನ್ನು ಮೂರ್ಛೆಯ ಮುನ್ಸೂಚನೆಯೆಂದೂ ತಪ್ಪಾಗಿ ಅರ್ಥೈಸುವುದರಿಂದ ಭಯ ಹುಟ್ಟುತ್ತದೆ; ಭಯದಿಂದ ಆ ಸಂವೇದನೆಯೇ ಬಲಗೊಂಡು, ತಪ್ಪರ್ಥಕ್ಕೆ ಮತ್ತಷ್ಟು ಪುಷ್ಟಿ ದೊರೆಯುತ್ತದೆ.

ಅಂತಃಸಂವೇದನೆಯ ಅಭ್ಯಾಸ: ಇಂಟರೋಸೆಪ್ಟಿವ್ ಎಕ್ಸ್‌ಪೋಶರ್ ಎಂದು ಪ್ರಸಿದ್ಧವಾದ ಈ ಚಿಕಿತ್ಸೆಯನ್ನು ಡೇವಿಡ್ ಬಾರ್ಲೋ, ಮಿಷೆಲ್ ಕ್ರಾಸ್ಕೆ ಮೊದಲಾದವರು ರೂಢಿಗೆ ತಂದರು. ಅಂಜಿಸುವ ಸಂವೇದನೆಯನ್ನು ಬೇಕೆಂದೇ ಬರಮಾಡಿಕೊಂಡು, ಅದರಿಂದ ಅನರ್ಥವೇನೂ ಸಂಭವಿಸುವುದಿಲ್ಲವೆಂಬುದನ್ನು ಅನುಭವದಿಂದಲೇ ಕಲಿಯುವುದು ಇದರ ಸಾರ. ಆರಂಭಕ್ಕೆ ಮುನ್ನ ಥೈರಾಯ್ಡ್ ದೋಷ, ರಕ್ತಹೀನತೆ, ಹೃದಯಬಡಿತದ ಏರುಪೇರು, ಆಸ್ತಮಾಗಳಿಲ್ಲವೆಂಬುದನ್ನು ವೈದ್ಯರು ಪರೀಕ್ಷಿಸತಕ್ಕದ್ದು. ಬಳಿಕ ಚಿಕಿತ್ಸಕರ ಸಮ್ಮುಖದಲ್ಲಿ 1 ನಿಮಿಷ ನಿಂತಲ್ಲೇ ಓಡುವುದು, 1 ನಿಮಿಷ ಆಳವಾಗಿ ವೇಗವಾಗಿ ಉಸಿರಾಡುವುದು, 1 ನಿಮಿಷ ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಮೂಗು ಹಿಡಿದು ಸಣ್ಣ ಸ್ಟ್ರಾ ಮೂಲಕ ಉಸಿರೆಳೆಯುವುದು, ಇವುಗಳನ್ನು ಒಂದೊಂದಾಗಿ ಮಾಡಿಸಿ, ಸಂವೇದನೆಯ ಬಲವನ್ನೂ ಭಯವನ್ನೂ 0ಯಿಂದ 10ರವರೆಗೆ ಪ್ರತ್ಯೇಕವಾಗಿ ಬರೆಸುತ್ತಾರೆ. ಯಾವುದು ನಿಜವಾದ ಅಟ್ಯಾಕನ್ನು ಹೋಲುತ್ತದೆಯೋ ಅದೇ ಅಭ್ಯಾಸದ ವಸ್ತುವಾಗುತ್ತದೆ.

ನಿದರ್ಶನಕ್ಕಾಗಿ, ತರಗತಿಯಲ್ಲಿ ತಲೆಸುತ್ತಿ ಎದ್ದೋಡಿ ಬಂದು, ಅಂದಿನಿಂದ ಬಾಗಿಲ ಬಳಿಯ ಬೆಂಚನ್ನೇ ಹುಡುಕುತ್ತ, ನೀರಿನ ಬಾಟಲಿಯಿಲ್ಲದೆ ಹೊರಗೆ ಹೆಜ್ಜೆಯಿಡದ 16 ವರ್ಷದ ಪಿಯುಸಿ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ವೇಗದ ಉಸಿರಾಟಕ್ಕೆ ತೊಡಗುವ ಮುನ್ನ ಅವಳು, "ಪ್ರಜ್ಞೆ ತಪ್ಪಿ ಬೀಳುತ್ತೇನೆ" ಎಂದು ಬರೆದಿಡುತ್ತಾಳೆ. ಮೊದಲ ಸುತ್ತಿನಲ್ಲಿ ತಲೆಸುತ್ತು 7, ಭಯ 8. ಯಾವುದನ್ನೂ ಹಿಡಿದುಕೊಳ್ಳದೆ ನಿಂತು, ಬೀಳಲಿಲ್ಲವೆಂಬುದನ್ನು ಗಮನಿಸಿ, ಮತ್ತೆ ಮಾಡುತ್ತಾಳೆ. ನಾಲ್ಕನೆಯ ಸುತ್ತಿನ ಹೊತ್ತಿಗೆ ತಲೆಸುತ್ತು 6, ಭಯ 3. ಸಂವೇದನೆ ಹೆಚ್ಚುಕಡಿಮೆ ಅಷ್ಟೇ ಇದ್ದು ಭಯ ಮಾತ್ರ ಇಳಿದಿರುವುದೇ ಕಲಿಕೆಯ ಗುರುತು. ಮನೆಯಲ್ಲಿ ನಿತ್ಯ ಇದನ್ನೇ ಮುಂದುವರಿಸಿ, ಅನಂತರ ಬಾಟಲಿಯನ್ನು ಬಿಟ್ಟು ಬಸ್ಸು ಹತ್ತುವುದು, ತರಗತಿಯ ನಡುವಿನ ಬೆಂಚಿನಲ್ಲಿ ಕೂರುವುದು ಮುಂದಿನ ಹಂತಗಳು.

ಎಡವುವುದೆಲ್ಲಿ: ತಲೆ ಸುತ್ತತೊಡಗಿದೊಡನೆ ನಿಲ್ಲಿಸಿದರೆ, ಅಥವಾ ಅಮ್ಮನ ಕೈ ಹಿಡಿದು, ಮನಸ್ಸನ್ನು ಬೇರೆಡೆಗೆ ತಿರುಗಿಸಿ ಸಹಿಸಿದರೆ, ತಾನು ಪಾರಾದುದು ಆ ಆಸರೆಯಿಂದಲೇ ಎಂಬ ನಂಬಿಕೆ ಉಳಿದುಬಿಡುತ್ತದೆ. ಹಲವು ದಿನಗಳ ಅಭ್ಯಾಸದ ಮೇಲೂ ಭಯದ ಅಂಕ ಕದಲದಿದ್ದರೆ ಇಂತಹ ಗುಪ್ತ ಆಸರೆಯೊಂದಿದೆಯೇ ಎಂದು ಹುಡುಕಬೇಕು. ಮಕ್ಕಳನ್ನು ಶಾಲೆ ಬಿಡಿಸಿ ಮನೆಗೆ ಕರೆತರುವ ಹೆತ್ತವರ ವಾತ್ಸಲ್ಯವೂ ಅರಿಯದೆಯೇ ಇದೇ ಫಲವನ್ನು ಕೊಡುವುದುಂಟು.

ಎಚ್ಚರಿಕೆ: ಹೃದ್ರೋಗ, ಆಸ್ತಮಾ, ಅಪಸ್ಮಾರವುಳ್ಳವರು ವೈದ್ಯರ ಅನುಮತಿಯಿಲ್ಲದೆ ಈ ಅಭ್ಯಾಸಗಳನ್ನು ಮಾಡಕೂಡದು. ಆಟವಾಡುತ್ತಿರುವಾಗ ನಿಜವಾಗಿಯೂ ಪ್ರಜ್ಞೆ ತಪ್ಪಿದರೆ ಅಥವಾ ಎದೆನೋವು ಬಂದರೆ ತಪಾಸಣೆಯನ್ನು ಮುಂದೂಡಬಾರದು. ಬದುಕೇ ಬೇಡವೆಂಬ ಮಾತು ಬಂದರಂತೂ ಅಭ್ಯಾಸವನ್ನು ಬದಿಗಿಟ್ಟು ಕೂಡಲೇ ಮನೋವೈದ್ಯರನ್ನು ಕಾಣಬೇಕು. ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.