ಮುಂದೆ ಮನೆ, ಕೊನೆಗೆ ಮನುಷ್ಯ: ಕನ್ನಡದ ಮನೆತನದ ಹೆಸರುಗಳೂ ಇಂದಿನ ದಾಖಲೆಗಳೂ

ಕನ್ನಡಿಗನೊಬ್ಬ ತನ್ನ ಹೆಸರನ್ನು ಪೂರ್ತಿಯಾಗಿ ಹೇಳುವಾಗ ಹೊರಗಿನಿಂದ ಒಳಗೆ ಬರುತ್ತಾನೆ. ಮೊದಲು ಊರು ಇಲ್ಲವೇ ಮನೆ, ಆಮೇಲೆ ತಂದೆ, ಕಟ್ಟಕಡೆಗೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಈ ಮೂರು ಹೆಸರುಗಳ ನಡಿಗೆಯೂ ಒಂದೇ. ಈ ಕ್ರಮವನ್ನು ಅರಿಯದ ಅರ್ಜಿಯ ನಮೂನೆಗಳು ಕೊನೆಯಲ್ಲಿರುವುದನ್ನೇ ಕುಟುಂಬದ ಹೆಸರೆಂದು ತಿಳಿಯುತ್ತವೆ. ಆಗ ಮನೆಯು ವ್ಯಕ್ತಿಯಾಗುತ್ತದೆ, ವ್ಯಕ್ತಿಯು ಮನೆಯಾಗುತ್ತಾನೆ. ಈ ತಲೆಕೆಳಗು ಎಲ್ಲಿಂದ ಬಂತು, ದಾಖಲೆಯಲ್ಲಿ ಅದನ್ನು ಹೇಗೆ ನೇರಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಮನೆಯ ಹೆಸರು ಮುಂದೆ ನಿಲ್ಲುವುದಕ್ಕೆ ಕಾರಣ ನಮ್ಮ ವ್ಯಾಕರಣದಲ್ಲಿಯೇ ಇದೆ. ಕನ್ನಡದಲ್ಲಿ ವಿಶೇಷಣವು ವಿಶೇಷ್ಯಕ್ಕಿಂತ ಮೊದಲು ಬರುತ್ತದೆ. ಷಷ್ಠೀ ವಿಭಕ್ತಿಯ ಪದವೂ ಹಾಗೆಯೇ. 'ಕುಪ್ಪಳಿಯ ಪುಟ್ಟಪ್ಪ' ಎಂಬ ಮಾತಿನಲ್ಲಿ ಪ್ರತ್ಯಯವು ಬಳಕೆಯಲ್ಲಿ ಸವೆದು 'ಕುಪ್ಪಳಿ ಪುಟ್ಟಪ್ಪ' ಎಂದಾಗುತ್ತದೆ. ತ.ರಾ.ಸು. ಅವರ 'ತಳುಕಿನ' ಎಂಬಲ್ಲಿ ಆ ಪ್ರತ್ಯಯವು ಸವೆಯದೆ ಉಳಿದಿದೆ. ಕೊಡಗಿನ ಒಕ್ಕದ ಹೆಸರುಗಳ ಕೊನೆಗೆ ಕಾಣುವ 'ಅಂಡ', 'ಎರ' ಎಂಬುವೂ ಸಂಬಂಧವನ್ನು ಸೂಚಿಸುವ ಪ್ರತ್ಯಯಗಳೇ. ಹಾಗಾಗಿ ಮನೆಯ ಹೆಸರು ಮೂಲತಃ 'ಯಾರ ಕಡೆಯವನು?' ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ವ್ಯಕ್ತಿನಾಮಕ್ಕೆ ಅಂಟಿಸಿದ ಮತ್ತೊಂದು ನಾಮವಲ್ಲ.

ಈ ಮನೋಧರ್ಮ ಎಷ್ಟು ಹಳೆಯದೆಂಬುದಕ್ಕೆ ಬೆಂಗಳೂರಿನ ಉತ್ತರ ಭಾಗದಲ್ಲಿಯೇ ಒಂದು ಸಾಕ್ಷಿಯಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. ಸುಮಾರು 750ರ ವೀರಗಲ್ಲು ಕಿತ್ತಯ್ಯನೆಂಬ ವೀರನನ್ನು ಸ್ಮರಿಸುತ್ತದೆ. ಅವನು ಕೊಡಂದಲೆಯವರ ಬಂಧುವೆಂಬುದನ್ನು ಮೊದಲು ಹೇಳಿ, ಅವನ ಹೆಸರನ್ನು ಆ ಬಳಿಕ ಹೇಳುವುದು ಶಾಸನದ ಕ್ರಮ. ಇದನ್ನು ಇಂದಿನ ಅರ್ಥದ ಮನೆಹೆಸರೆನ್ನಲಾಗದು. ಆದರೆ ಸಂಬಂಧ ಮುಂದೆ, ವ್ಯಕ್ತಿ ಹಿಂದೆ ಎಂಬ ಜೋಡಣೆ ಅದೇ.

ಕಾಲಕ್ರಮದಲ್ಲಿ ಈ ಮುಂಭಾಗವು ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆ ವಸ್ತುವನ್ನು ಹಿಡಿದುಕೊಂಡಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಯಲ್ಲಿ ಅದು ನಿಜವಾಗಿಯೂ ಮನೆಯೇ. ಸೇಡಿಯಾಪು ಕೃಷ್ಣಭಟ್ಟ, ಕಡೆಂಗೋಡ್ಲು ಶಂಕರಭಟ್ಟ ಎಂಬಲ್ಲಿ 'ಭಟ್ಟ' ಎಂಬುದು ಸಾವಿರಾರು ಮಂದಿಗೆ ಸಮಾನ. ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಮನೆಯ ಹೆಸರು. ಮಲೆನಾಡಿನಲ್ಲಿ ಮನೆಯೂ ಊರೂ ಒಂದೇ ಆಗಿರುವುದುಂಟು, ಕುಪ್ಪಳಿಯೇ ಉದಾಹರಣೆ. ಹಳೆಯ ಮೈಸೂರಿನಲ್ಲಿ ಅದು ಹೆಚ್ಚಾಗಿ ಪೂರ್ವಜರ ಊರು. ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಆದರೆ ಹೆಸರಿನ ಮುಂದೆ ನಿಂತದ್ದು ದೇವನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ 'ಮೋಕ್ಷಗುಂಡಂ' ಇನ್ನೂ ದೂರದ್ದು. ಅದು ಆಂಧ್ರದ ಒಂದು ಊರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಬಿಟ್ಟುಬಂದ ಊರು ಮನೆತನದ ಹೆಸರಾಗಿ ಗಟ್ಟಿಗೊಂಡಿತು. ಪು.ತಿ.ನ. ಅವರ 'ಪುರೋಹಿತ' ಎಂಬುದಂತೂ ಊರೂ ಅಲ್ಲ, ಮನೆತನದ ವೃತ್ತಿ. ಇದಕ್ಕೆ ಎದುರಾಗಿ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ನೆಲೆಗೊಂಡಿತು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. 1956ರ ಏಕೀಕರಣವು ಈ ಎರಡು ಕ್ರಮಗಳನ್ನೂ ಒಂದೇ ಆಡಳಿತದೊಳಗೆ ತಂದಿತು. ಆದರೆ ಎರಡನ್ನೂ ತುಂಬಬೇಕಾದ ನಮೂನೆ ಒಂದೇ ಆಯಿತು.

ಕಂದಾಯದ ಕಾಗದಪತ್ರಗಳ ದಾರಿ ಇನ್ನೊಂದು. ರಾಜಾನುಕುಂಟೆಯಂತಹ ಊರುಗಳ ಪಹಣಿಯಲ್ಲಿ, ಕ್ರಯಪತ್ರದಲ್ಲಿ ಮನೆಹೆಸರಿಗೆ ನಿಯತವಾದ ಸ್ಥಾನವಿಲ್ಲ. ಅಲ್ಲಿ ಗಂಡಸು ತಂದೆಯ ಮೂಲಕ 'ಬಿನ್' ಎಂದೂ, ಹೆಂಗಸು ಗಂಡನ ಮೂಲಕ 'ಕೋಂ' ಎಂದೂ ಗುರುತಾಗುತ್ತಾರೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ತಂದೆ ಮಕ್ಕಳ ಎರಡು ಜೋಡಿಗಳಿದ್ದರೆ ಬಾಯಿಮಾತಿನಲ್ಲಿ 'ದೊಡ್ಡಮನೆಯವರು', 'ಪಟೇಲರ ಮನೆಯವರು' ಎಂದು ಬೇರ್ಪಡಿಸುತ್ತಾರೆ. ಆ ಗುರುತು ಕಾಗದದ ಮೇಲೆ ಬಾರದಿದ್ದರೆ ಮೊಮ್ಮಕ್ಕಳ ಕಾಲದಲ್ಲಿ ವಂಶವೃಕ್ಷವನ್ನು ಬರೆಸುವಾಗ ಸಾಕ್ಷಿಗಳನ್ನು ಹುಡುಕಬೇಕಾಗುತ್ತದೆ.

ಮನೆಹೆಸರಿಗೆ ಹೆಚ್ಚಿನ ಹಾನಿಯಾದದ್ದು ಇಂಗ್ಲಿಷ್ ಇನಿಷಿಯಲ್‌ಗಳಿಂದ. ಕನ್ನಡದ ಸಂಕ್ಷೇಪ ಅಕ್ಷರವನ್ನು ಹಿಡಿಯುತ್ತದೆ. ಕುವೆಂಪು ಎಂಬಲ್ಲಿ 'ಕು' ಇದೆ, 'ವೆಂ' ಇದೆ, ತೀ.ನಂ.ಶ್ರೀ. ಎಂಬಲ್ಲಿ ತೀರ್ಥಪುರದ 'ತೀ' ತನ್ನ ದೀರ್ಘದೊಡನೆಯೇ ಉಳಿದಿದೆ. ಸ್ವರವು ಉಳಿದಿರುವುದರಿಂದ ಮೂಲವನ್ನು ಊಹಿಸುವ ದಾರಿಯೂ ಉಳಿದಿರುತ್ತದೆ. ರೋಮನ್ ಲಿಪಿಯ ಒಂಟಿ `K` ಆದರೋ ಕ, ಕಾ, ಕು, ಕೊ, ಖ ಎಲ್ಲವನ್ನೂ ನುಂಗಿಬಿಡುತ್ತದೆ. `T` ಎಂಬುದು ತ ಮತ್ತು ಟ ಎರಡಕ್ಕೂ ಒಂದೇ. ಮೂರನೆಯ ತಲೆಮಾರಿಗೆ ಆ `K` ಅಜ್ಜನ ಹೆಸರೋ ಊರಿನ ಹೆಸರೋ ಎಂಬುದೇ ಮನೆಯಲ್ಲಿ ತಿಳಿಯದಾಗುತ್ತದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿಲ್ಲ, ಬಿಡಿಸಿ ಬರೆಯಲೇಬೇಕು. ಮರೆತದ್ದು ಆಗ ನೆನಪಿಗೆ ಬರುತ್ತದೆ.

ಈಗ ಎಲ್ಲರೂ ಬಲ್ಲ ಹೆಸರೊಂದನ್ನು ಇಂದಿನ ನಮೂನೆಯಲ್ಲಿ ತುಂಬಿ ನೋಡೋಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದನ್ನು ಕೊನೆಯ ಪದವೇ ಕುಟುಂಬನಾಮವೆಂದು ತಿಳಿದು ತುಂಬಿದರೆ, ಪಾಸ್‌ಪೋರ್ಟಿನ ಯಂತ್ರ ಓದುವ ಮೊದಲ ಸಾಲು ಹೀಗಾಗುತ್ತದೆ:

```
P<INDPUTTAPPA<<KUPPALI<VENKATAPPA<<<<<<<<<<<
```

ಈ ಸಾಲಿನಲ್ಲಿ 44 ಸ್ಥಾನಗಳಿವೆ. ದೇಶದ ಸಂಕೇತದ ಮುಂದೆ ಬರುವುದು ಕುಟುಂಬನಾಮ. ಜೋಡಿ ಗುರುತಿನ ಬಳಿಕ ಬರುವುದು ವ್ಯಕ್ತಿನಾಮ. ವಿಮಾನ ನಿಲ್ದಾಣದಲ್ಲಿ ಕವಿಯನ್ನು 'ಕುಪ್ಪಳಿ' ಎಂದು ಕೂಗುತ್ತಾರೆ. ಅವರ ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಅದೇ ರೀತಿಯಲ್ಲಿ ತುಂಬಿದರೆ ಮಗನ ಕುಟುಂಬ 'ತೇಜಸ್ವಿ', ತಂದೆಯದು 'ಪುಟ್ಟಪ್ಪ'. ಇಬ್ಬರ ಹೆಸರಿನಲ್ಲಿಯೂ ಬದಲಾಗದೆ ನಿಂತಿರುವ 'ಕುಪ್ಪಳಿ' ಮಾತ್ರ ಕುಟುಂಬದ ಅಂಕಣದಲ್ಲಿಲ್ಲ! ತಲೆಮಾರಿನಿಂದ ತಲೆಮಾರಿಗೆ ಬದಲಾಗದ ಪದ ಯಾವುದೋ ಅದೇ ಕುಟುಂಬನಾಮ. ಅದು ನಿಂತಿರುವ ಸ್ಥಾನವು ಮುಖ್ಯವಲ್ಲ. ಈ ಪರೀಕ್ಷೆಯಂತೆ ತುಂಬಿದರೆ ಸಾಲು ಹೀಗಾಗಬೇಕು:

```
P<INDKUPPALI<<PUTTAPPA<VENKATAPPA<<<<<<<<<<<
```

ಇಲ್ಲಿ ತಂದೆಯ ಹೆಸರನ್ನು ತನ್ನ ಹೆಸರಿನ ಹಿಂದಕ್ಕೆ ಸರಿಸಿರುವುದನ್ನು ಗಮನಿಸಬೇಕು. ಕನ್ನಡದ ಕ್ರಮದಲ್ಲೇ 'ವೆಂಕಟಪ್ಪ ಪುಟ್ಟಪ್ಪ' ಎಂದು ಬಿಟ್ಟರೆ ಮಗನನ್ನು ತಂದೆಯ ಹೆಸರಿನಿಂದ ಕರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿಗೆ ಬೇರೆಯೇ ಸ್ಥಾನವಿರುವುದರಿಂದ 'ಪುಟ್ಟಪ್ಪ' ಎಂದಷ್ಟೇ ಬರೆದರೂ ನಷ್ಟವಿಲ್ಲ. ಇನಿಷಿಯಲ್‌ಗಳೆರಡನ್ನೂ ಬಿಡಿಸಿ 'ಕುಪ್ಪಳಿ ವೆಂಕಟಪ್ಪ' ಎಂದು ಕುಟುಂಬದ ಅಂಕಣದಲ್ಲಿ ಬರೆಯುವ ರೂಢಿಯೂ ನಮ್ಮಲ್ಲಿದೆ. ಒಬ್ಬರ ಮಟ್ಟಿಗೆ ಅದು ನಡೆಯುತ್ತದೆ. ಮಗನಿಗೆ ಅದು 'ಕುಪ್ಪಳಿ ಪುಟ್ಟಪ್ಪ' ಆಗುವುದರಿಂದ ಮತ್ತೆ ಇಬ್ಬರೂ ಬೇರೆಯಾಗುತ್ತಾರೆ.

ಕುಟುಂಬದ ಅಂಕಣವನ್ನು ಖಾಲಿ ಬಿಡಲು ಪಾಸ್‌ಪೋರ್ಟಿನ ನಿಯಮದಲ್ಲಿ ಅವಕಾಶವಿದೆ, ಆದರೆ ತೊಡಕು ಗಡಿಯಾಚೆ ಕಾಣಿಸುತ್ತದೆ. ಅಮೆರಿಕದ ವೀಸಾದಲ್ಲಿ ಅಂತಹವರ ಇಡೀ ಹೆಸರು ಕುಟುಂಬನಾಮದ ಸ್ಥಾನಕ್ಕೆ ಹೋಗಿ, ವ್ಯಕ್ತಿನಾಮದ ಸ್ಥಾನದಲ್ಲಿ `FNU` ಎಂದು ಬೀಳುತ್ತದೆ; ವ್ಯಕ್ತಿನಾಮ ತಿಳಿದಿಲ್ಲವೆಂಬುದು ಅದರ ಅರ್ಥ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದಾಗ ಈ ಖಾಲಿ ಅಂಕಣವೇ ಹಲವರಿಗೆ ಅಡ್ಡಿಯಾಯಿತು.

ಪ್ಯಾನ್ ಸಂಖ್ಯೆಯಲ್ಲಿ ಈ ಆಯ್ಕೆಯ ಗುರುತು ಶಾಶ್ವತವಾಗಿ ಉಳಿಯುತ್ತದೆ. ವ್ಯಕ್ತಿಗಳ ಪ್ಯಾನಿನಲ್ಲಿ ಐದನೆಯ ಅಕ್ಷರವು ಅರ್ಜಿಯಲ್ಲಿ ಕುಟುಂಬನಾಮವೆಂದು ಕೊಟ್ಟ ಪದದ ಮೊದಲಕ್ಷರ. ಮೇಲಿನ ಹೆಸರಿಗೆ ಒಂದು ಕ್ರಮದಲ್ಲಿ ಅದು `P`, ಇನ್ನೊಂದರಲ್ಲಿ `K`. ಮುಂದೆ ಹೆಸರನ್ನು ತಿದ್ದಿಸಿಕೊಂಡರೂ ಸಂಖ್ಯೆ ಬದಲಾಗದು. ತಮ್ಮ ಹೆಸರನ್ನು ಅಂದು ಹೇಗೆ ಒಡೆದು ಬರೆದಿದ್ದರೆಂಬುದನ್ನು ಆ ಅಕ್ಷರವನ್ನು ನೋಡಿಯೇ ತಿಳಿಯಬಹುದು.

ಮುಂದಿರುವ ಹೆಸರು ಕೈತಪ್ಪಿದಾಗ ಏನಾಗುತ್ತದೆಂಬುದಕ್ಕೆ ಕೊಡಗಿನ ಒಂದು ಮನೆತನವನ್ನು ನೆನೆಯಬಹುದು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರಿಗೆ 'ಕಾರ್ಯಪ್ಪ' ಎಂಬುದು ಸ್ವಂತ ಹೆಸರು; ಒಕ್ಕ ಕೊಡಂದೇರ. ಅವರ ಪುತ್ರ, ವಾಯುಪಡೆಯ ಏರ್ ಮಾರ್ಷಲ್ ಆಗಿದ್ದವರು, ಕೆ.ಸಿ. ಕಾರ್ಯಪ್ಪ ಎಂದೇ ಹೆಸರಾದರು. ತಂದೆಯ ಸ್ವಂತ ಹೆಸರು ಮಗನಿಗೆ ಕುಟುಂಬನಾಮದಂತೆ ಕೊನೆಗೆ ಬಂದು ನಿಂತಿತು. ಒಕ್ಕವು ಒಂದು 'ಕೆ' ಆಯಿತು. ಕೊಡವರಲ್ಲಿ ಒಕ್ಕದ ನೆನಪು ಬಲವಾಗಿರುವುದರಿಂದ ಅದು ಮರೆಯಾಗಲಿಲ್ಲ. ಬಯಲುಸೀಮೆಯ ಎಷ್ಟೋ ಮನೆಗಳಿಗೆ ಅಂತಹ ಆಸರೆಯಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹುಟ್ಟುವ ಮಗುವಿನ ವಿಷಯದಲ್ಲಿ ದಾರಿ ಸುಲಭ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು ಮೊದಲಾದ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ. ಮಗುವಿನ ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರಲ್ಲಿ ಮನೆಯ ಹಿರಿಯರನ್ನು ಕೇಳಿ, ಹಳೆಯ ಪತ್ರಗಳನ್ನೂ ಲಗ್ನಪತ್ರಿಕೆಗಳನ್ನೂ ನೋಡಿ, ಮನೆಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ನಿಶ್ಚಯಿಸಿಕೊಳ್ಳಬೇಕು. ಆಮೇಲೆ ಅದಕ್ಕೆ ಒಂದೇ ಇಂಗ್ಲಿಷ್ ಕಾಗುಣಿತವನ್ನು ಆರಿಸಿ, ಅಣ್ಣತಮ್ಮಂದಿರ ಮಕ್ಕಳೆಲ್ಲರಿಗೂ ಅದನ್ನೇ ಬಳಸಬೇಕು. `Kuppali` ಮತ್ತು `Kuppalli` ನಮಗೆ ಒಂದೇ ಊರು, ಗಣಕಯಂತ್ರಕ್ಕೆ ಎರಡು ಮನೆತನ.

ವಯಸ್ಕರ ವಿಷಯ ಬೇರೆ. ಅಂಕಪಟ್ಟಿಯಲ್ಲಿ `PUTTAPPA K V` ಎಂದಿದ್ದು, ಬ್ಯಾಂಕು, ಆಧಾರ್, ಸೇವಾಪುಸ್ತಕಗಳೆಲ್ಲ ಅದನ್ನೇ ಅನುಸರಿಸಿದ್ದರೆ ಎಲ್ಲವನ್ನೂ ತಿದ್ದಲು ಹೊರಡುವುದು ವಿವೇಕವಲ್ಲ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು. ಆಧಾರ್‌ನಲ್ಲಿ ಹೆಸರಿಗೆ ಇರುವುದು ಒಂದೇ ಅಂಕಣವಾದ್ದರಿಂದ ಒಡೆಯುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅದು ಏಳುವುದು ಪಾಸ್‌ಪೋರ್ಟು, ಪ್ಯಾನ್‌ಗಳಲ್ಲಿ. ಅಲ್ಲಿ ಒಮ್ಮೆ ಒಡೆದ ರೀತಿಯನ್ನೇ ಎಲ್ಲೆಡೆಯೂ ಕಾಯ್ದುಕೊಳ್ಳಬೇಕು; ಇನಿಷಿಯಲ್‌ಗಳ ವಿಸ್ತರಣೆಗೆ ಆಧಾರವಾಗಿ ಪೂರ್ಣ ಹೆಸರಿರುವ ಒಂದಾದರೂ ದಾಖಲೆಯನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು. ಮದುವೆಯ ಬಳಿಕ ತಂದೆಯ ಇನಿಷಿಯಲ್ ಬಿಟ್ಟು ಗಂಡನದನ್ನು ಹಿಡಿಯುವ ಹೆಣ್ಣುಮಕ್ಕಳು ಅಂಕಪಟ್ಟಿಗೂ ಹೊಸ ಗುರುತಿಗೂ ನಡುವೆ ಬೀಳುವ ಬಿರುಕನ್ನು ಜೀವನಪೂರ್ತಿ ಪ್ರಮಾಣಪತ್ರಗಳಿಂದ ಮುಚ್ಚುತ್ತಿರಬೇಕಾಗುತ್ತದೆ. ಹುಟ್ಟಿದ ಮನೆಯ ಹೆಸರನ್ನೇ ಉಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ನಮೂನೆಯ ಅಂಕಣಗಳಲ್ಲಿ ಕ್ರಮವನ್ನು ಬದಲಿಸಿದೆವೆಂದು ಕನ್ನಡದ ಕ್ರಮವನ್ನು ಬಿಡಬೇಕಾಗಿಲ್ಲ. ಲಗ್ನಪತ್ರಿಕೆಯಲ್ಲಿ, ಪುಸ್ತಕದ ಮೇಲೆ, ಮನೆಯ ಬಾಗಿಲಲ್ಲಿ ಮನೆಯೇ ಮುಂದಿರಲಿ. ಅರ್ಜಿಯಲ್ಲಿ ಮಾತ್ರ ಅದು ಕುಟುಂಬದ ಅಂಕಣದಲ್ಲಿ, ಒಂಟಿ ಅಕ್ಷರವಾಗಿ ಅಲ್ಲದೆ ಪೂರ್ಣ ಪದವಾಗಿ ಇರಲಿ.